ತಂತಿ ಸುರುಳಿಯ ಚೀಟಿ: ಬಿಲ್ಲಿಗೆ ಒಪ್ಪಿಗೆ ನೀಡುವ ಮುನ್ನ ಓದಬೇಕಾದದ್ದು
(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಗದಗ ತಾಲ್ಲೂಕಿನ ಕೋಟುಮಚಗಿಯಲ್ಲಿ ಪಂಚಾಯಿತಿಯ ಒಂದು ಕೊಠಡಿಗೆ ಹೊಸ ವೈರಿಂಗ್ ಆಗಬೇಕಿದೆ ಎಂದು ಉದಾಹರಣೆಗಾಗಿ ಇಟ್ಟುಕೊಳ್ಳಬಹುದು. ಗುತ್ತಿಗೆದಾರನು ತಂತಿ ಸುರುಳಿಯ ಚೀಟಿಯ ಫೋಟೋ ಕಳುಹಿಸಿದ್ದಾನೆ. ಅದರಲ್ಲಿ ಕಂಪನಿಯ ಹೆಸರು, 1.5 ಚದರ ಮಿ.ಮೀ., 90 ಮೀಟರ್, 1100 ವೋಲ್ಟ್ ಮತ್ತು ಐಎಸ್‌ಐ ಗುರುತು ಇವೆ.

1. ಅಸಲಿಯೇ ಎಂಬ ಪರಿಶೀಲನೆ

2003ರ ಗುಣಮಟ್ಟ ನಿಯಂತ್ರಣ ಆದೇಶದಂತೆ ಮನೆ ಬಳಕೆಯ ಪಿವಿಸಿ ತಂತಿಗೆ ಐಎಸ್‌ಐ ಗುರುತು ಕಡ್ಡಾಯ. ಗುರುತಿನ ಮೇಲೆ ‘ಐಎಸ್ 694’ ಎಂದೂ ಕೆಳಗೆ ‘ಸಿಎಂ/ಎಲ್’ ಅಕ್ಷರಗಳೊಡನೆ ಪರವಾನಗಿ ಸಂಖ್ಯೆಯೂ ಇರಬೇಕು. ಈ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ನಮೂದಿಸಿದರೆ ಪರವಾನಗಿದಾರರ ಹೆಸರು, ವಿಳಾಸ ಹಾಗೂ ಪರವಾನಗಿ ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಇವು ಚೀಟಿಗೆ ತಾಳೆಯಾಗದಿದ್ದರೆ ಸರಕನ್ನು ಹಿಂದಿರುಗಿಸತಕ್ಕದ್ದು.

ತಾಳೆಯಾದರೂ ಪರಿಶೀಲನೆ ಮುಗಿಯುವುದಿಲ್ಲ. ಅಸಲಿ ಸಂಖ್ಯೆಯನ್ನೇ ನಕಲು ಚೀಟಿಯಲ್ಲಿ ಮುದ್ರಿಸಬಹುದು. ಆದ್ದರಿಂದ ತಂತಿಯ ಮೈಮೇಲಿನ ಮುದ್ರಣದ ಫೋಟೋವನ್ನೂ ಕೇಳಬೇಕು. ಚೀಟಿಯ ಹೆಸರು, ಅಳತೆ ಮತ್ತು ಗುರುತು ಅಲ್ಲಿಯೂ ಇರಬೇಕು.

2. ಅಳತೆಯ ಪರಿಶೀಲನೆ

‘1.5’ ಎಂಬುದು ತಂತಿಯ ಹೊರದಪ್ಪವಲ್ಲ, ಒಳಗಿನ ತಾಮ್ರದ ಅಡ್ಡಕೊಯ್ತದ ವಿಸ್ತೀರ್ಣ. ಪ್ಲಾಸ್ಟಿಕ್ ಹೊದಿಕೆ ದಪ್ಪವಾಗಿದ್ದ ಮಾತ್ರಕ್ಕೆ ತಾಮ್ರ ಹೆಚ್ಚಿದೆ ಎಂದಲ್ಲ. ಚೀಟಿಯಲ್ಲಿ ‘22/0.3’ ಎಂದಿದ್ದರೆ 0.3 ಮಿ.ಮೀ. ದಪ್ಪದ 22 ಎಳೆಗಳು ಇರಬೇಕು. ತುದಿ ಸುಲಿದು ಎಣಿಸಬಹುದು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಈ ಅಳತೆಯ 90 ಮೀಟರಿನಲ್ಲಿ ತಾಮ್ರವೇ ಸುಮಾರು 1.2 ಕಿಲೋಗ್ರಾಂ ಇರುತ್ತದೆ. ಹೊದಿಕೆ ಸೇರಿ ಇಡೀ ಸುರುಳಿಯೇ ಅಷ್ಟು ತೂಗದಿದ್ದರೆ ಉದ್ದವಾಗಲಿ ತಾಮ್ರವಾಗಲಿ ಕೊರತೆಯಾಗಿದೆ ಎಂದೇ ಅರ್ಥ.

3. ಕೊಠಡಿಗೆ ಸಾಲುವುದೇ?

ಕೊಠಡಿಯಲ್ಲಿ 20 ವ್ಯಾಟಿನ 4 ಟ್ಯೂಬ್‌ಲೈಟ್, 75 ವ್ಯಾಟಿನ 2 ಫ್ಯಾನ್ ಮತ್ತು 200 ವ್ಯಾಟಿನ ಕಂಪ್ಯೂಟರ್ ಇದ್ದರೆ ಒಟ್ಟು 430 ವ್ಯಾಟ್. 230ರಿಂದ ಭಾಗಿಸಿದರೆ ಎರಡು ಆಂಪಿಯರಿಗಿಂತ ತುಸು ಕಡಿಮೆ. ಪೈಪಿನೊಳಗಿನ 1.5ರ ತಂತಿ ಸುಮಾರು 14 ಆಂಪಿಯರ್ ತಾಳುವುದರಿಂದ ಇದು ಧಾರಾಳವಾಗಿ ಸಾಲುತ್ತದೆ.

ಆದರೆ ಅದೇ ಸುರುಳಿಯಿಂದ 16 ಆಂಪಿಯರಿನ ಸಾಕೆಟ್ಟಿಗೆ ತಂತಿ ಎಳೆಯುವುದು ತಪ್ಪು. ಇಂದು 2000 ವ್ಯಾಟಿನ ಒಲೆ ಹಾಕಿದರೆ ಒಂಬತ್ತು ಆಂಪಿಯರ್ ಸಾಕು. ನಾಳೆ ಅದೇ ಸಾಕೆಟ್ಟಿಗೆ ಇನ್ನೊಂದು ಉಪಕರಣ ಸೇರಬಹುದು. 16 ಆಂಪಿಯರಿನ ಎಂಸಿಬಿ ಬೀಳದೆ ತಂತಿ ಕಾಯುತ್ತಲೇ ಇರುತ್ತದೆ. ಏಪ್ರಿಲ್‌–ಮೇ ಬಿಸಿಲಿನಲ್ಲಿ ಅದರ ಸಾಮರ್ಥ್ಯ ಇನ್ನೂ ಕುಗ್ಗುತ್ತದೆ. ಆ ಸಾಕೆಟ್ಟಿಗೆ 2.5 ಚದರ ಮಿ.ಮೀ. ತಂತಿಯ ಪ್ರತ್ಯೇಕ ಸಾಲು ಬೇಕು. ದೀಪ, ಫ್ಯಾನುಗಳ 1.5ರ ಸಾಲಿಗೆ 10 ಆಂಪಿಯರಿನ ಎಂಸಿಬಿ ಇರಲಿ.

ಆದ್ದರಿಂದ ಈ ಕೊಠಡಿಯ ಬಿಲ್ಲಿನಲ್ಲಿ 1.5ರ ಸುರುಳಿಗಳು ಮಾತ್ರ ಇದ್ದು 16 ಆಂಪಿಯರಿನ ಸಾಕೆಟ್ಟೂ ನಮೂದಾಗಿದ್ದರೆ, ಗೋಡೆಯ ಪೈಪು ಮುಚ್ಚುವ ಮುನ್ನವೇ ಸದಸ್ಯರು ವಿವರಣೆ ಕೇಳತಕ್ಕದ್ದು.