‘ಕೆಲವು’ ಎಂಬ ಮಾತಿನ ವ್ಯಾಪ್ತಿ

ತಂತ್ರಾಂಶ ಸಂಸ್ಥೆಗಳು ಕಾಲೇಜಿಗೇ ಬಂದು ಉದ್ಯೋಗಿಗಳನ್ನು ಆಯುವಾಗ ನಡೆಸುವ ಲಿಖಿತ ಪರೀಕ್ಷೆಯ ತರ್ಕಭಾಗದಲ್ಲಿ ಇಂತಹ ಪ್ರಶ್ನೆ ಸಾಮಾನ್ಯ: ‘ಎಲ್ಲ ಗುಲಾಬಿಗಳೂ ಹೂಗಳು, ಕೆಲವು ಹೂಗಳು ಕೆಂಪು, ಆದುದರಿಂದ ಕೆಲವು ಗುಲಾಬಿಗಳು ಕೆಂಪು.’ ಈ ನಿರ್ಣಯ ಸರಿಯೆ?

ಕೆಂಪು ಗುಲಾಬಿಯನ್ನು ಕಣ್ಣಾರೆ ಕಂಡ ವಿದ್ಯಾರ್ಥಿ ಸರಿಯೆಂದೇ ಗುರುತು ಹಾಕಿಬಿಡುತ್ತಾನೆ. ಆದರೆ ಪರೀಕ್ಷೆ ಕೇಳುವುದು ತೋಟದ ಸತ್ಯವನ್ನಲ್ಲ. ಮೊದಲೆರಡು ವಾಕ್ಯಗಳಿಂದ ಮೂರನೆಯದು ಅನಿವಾರ್ಯವಾಗಿ ಹೊರಡುವುದೇ ಎಂಬುದನ್ನು. ಹೂಗಳಿಗೊಂದು ದೊಡ್ಡ ವರ್ತುಲವನ್ನೂ ಅದರೊಳಗೆ ಗುಲಾಬಿಗೊಂದು ಚಿಕ್ಕ ವರ್ತುಲವನ್ನೂ ಬರೆಯಬೇಕು. ಬಳಿಕ ಕೆಂಪಿನ ವರ್ತುಲವು ಹೂಗಳ ವರ್ತುಲದೊಳಕ್ಕೆ ಬಂದೂ ಗುಲಾಬಿಯನ್ನು ಮುಟ್ಟದಂತೆ ಬರೆಯಲು ಬರುವುದೇ ಎಂದು ನೋಡಬೇಕು. ಬರುತ್ತದೆ, ಕೆಂಪಾದುವೆಲ್ಲ ದಾಸವಾಳಗಳೇ ಆಗಿರಬಹುದಷ್ಟೆ. ಅಂತಹ ಚಿತ್ರ ಒಂದು ದೊರೆತರೂ ನಿರ್ಣಯ ಬಿದ್ದುಹೋಯಿತು. ಹೂವಾದುದೆಲ್ಲ ಕೆಂಪೆಂಬ ವ್ಯಾಪ್ತಿ ಇಲ್ಲಿಲ್ಲ ಎನ್ನುವರು ನೈಯಾಯಿಕರು. ‘ಎಲ್ಲ ಹೂಗಳೂ ಕೆಂಪು’ ಎಂದಿದ್ದರೆ, ಲೋಕದಲ್ಲಿ ಅದು ಸುಳ್ಳಾದರೂ, ನಿರ್ಣಯ ನಿಲ್ಲುತ್ತಿತ್ತು.

ಮುಂದಿನ ಹಂತವಾದ ಗುಂಪುಚರ್ಚೆಯಲ್ಲಿಯೂ ಇದೇ ದೋಷ ತಲೆಹಾಕುತ್ತದೆ. ‘ಕೆಲವು ಹಳ್ಳಿಶಾಲೆಗಳಲ್ಲಿ ಕಂಪ್ಯೂಟರ್ ಇಲ್ಲ’ ಎಂದು ಒಬ್ಬನು ಹೇಳಿದರೆ, ಮತ್ತೊಬ್ಬನು ‘ನಮ್ಮೂರಿನ ಶಾಲೆಯಲ್ಲಿದೆ, ನಿಮ್ಮ ಮಾತು ತಪ್ಪು’ ಎಂದು ಎದುರಾಡುತ್ತಾನೆ. ಆಡದ ಮಾತನ್ನು ಖಂಡಿಸುವ ಈ ಬಗೆ, ಪಕ್ಕದಲ್ಲಿ ಕುಳಿತು ಅಂಕ ಬರೆಯುವವರ ಕಿವಿಗೆ ಕೂಡಲೇ ಬೀಳುತ್ತದೆ.