ಮುಚ್ಚಳದ ಗುಂಡಿ: ಉಬ್ಬೋ, ತಗ್ಗೋ?

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಜಾಮ್ ಬಾಟಲಿಯ ಫೋಟೊ ಹಿಡಿದು ಬಂದಳು. ಅಂಗಡಿಯಲ್ಲಿ ದುಡ್ಡು ಕೊಡುವ ಮೊದಲೇ ಮೇಲಿನಿಂದ ತೆಗೆದ ಫೋಟೊ. "ಟೀಚರ್, ಗುಂಡಿ ಉಬ್ಬಿದ ಹಾಗೆ ಕಾಣ್ತದೆ. ಹಾಳಾದ ಬಾಟಲಿ ತಂದದ್ದಾ ಅಂತ ಅಮ್ಮ ಕೇಳ್ತಾರೆ." ಅಷ್ಟರಲ್ಲಿ ತಮ್ಮ ಬಾಟಲಿ ತೆರೆದಾಗಿತ್ತು. ತೆರೆದ ಮೇಲೆ ಗುಂಡಿ ಹೇಗೂ ಮೇಲೇಳುತ್ತದೆ. ಹಾಗಾಗಿ ಉಳಿದ ಸಾಕ್ಷಿ ಫೋಟೊ ಒಂದೇ.

ಮಕ್ಕಳೇ, ಈ ಗುಂಡಿ ಎಂದರೆ ತಗಡಿನ ಮುಚ್ಚಳದ ನಡುವೆ ಇರುವ ಸಣ್ಣ ವೃತ್ತ. ಜಾಮನ್ನು ಬಿಸಿಯಾಗಿರುವಾಗಲೇ ತುಂಬಿ ಮುಚ್ಚುತ್ತಾರೆ. ತಣಿಯುವಾಗ ಮೇಲಿನ ಖಾಲಿ ಜಾಗದ ಆವಿ ನೀರಾಗುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ, ಹೊರಗಿನ ಗಾಳಿ ಗುಂಡಿಯನ್ನು ಒಳಕ್ಕೆ ಒತ್ತುತ್ತದೆ. ಒಳಗಿನ ಒತ್ತಡ ಅರ್ಧಕ್ಕಿಳಿಯಿತು ಎಂದಿಟ್ಟುಕೊಳ್ಳಿ. 6 ಸೆಂ.ಮೀ. ಅಗಲದ ಮುಚ್ಚಳದ ಮೇಲೆ ಸುಮಾರು 14 ಕಿಲೋ ಭಾರ ಇಟ್ಟಷ್ಟು ಬಲ ಬೀಳುತ್ತದೆ! ಎಲ್ಲೋ ಗಾಳಿ ನುಗ್ಗಿದರೆ ಅಥವಾ ಒಳಗೆ ಸೂಕ್ಷ್ಮಜೀವಿಗಳು ಅನಿಲ ಮಾಡಿದರೆ ಗುಂಡಿ ಟಪ್ ಎಂದು ಮೇಲೇಳುತ್ತದೆ.

ಹಾಗಾದರೆ ಫೋಟೊ ಉಬ್ಬು ತೋರಿಸಿದ್ದೇಕೆ? ಬೆಳಕು ಮೇಲಿನಿಂದ ಬರುತ್ತದೆಂದು ನಮ್ಮ ಮೆದುಳು ಮೊದಲೇ ನಂಬಿಬಿಟ್ಟಿರುತ್ತದೆ. ವೃತ್ತದ ಮೇಲಂಚು ಬೆಳ್ಳಗೆ, ಕೆಳಗಿನ ಅಂಚು ಕಪ್ಪಗೆ ಇದ್ದರೆ ಅದು ಉಬ್ಬು ಎಂದೇ ತಿಳಿಯುತ್ತದೆ. ಫೋನನ್ನು ತಲೆಕೆಳಗೆ ತಿರುಗಿಸಿ ಎಂದೆ. ತಿರುಗಿಸಿದಳು. "ಅಯ್ಯೋ, ಈಗ ತಗ್ಗು!"

ಯಾವುದು ನಿಜ? ಅದೇ ಫೋಟೊದಲ್ಲಿ ಬಾಟಲಿಯ ನೆರಳು ಹುಡುಕಿದೆವು. ಅದು ಮೇಜಿನ ಮೇಲೆ ಚಿತ್ರದ ಮೇಲ್ಭಾಗಕ್ಕೆ ಚಾಚಿತ್ತು. ಅಂದರೆ ಟ್ಯೂಬ್‌ಲೈಟ್ ಇದ್ದದ್ದು ಚಿತ್ರದ ಕೆಳಬದಿಯಲ್ಲಿ, ಅವಳ ಬೆನ್ನ ಹಿಂದೆ. ತಗ್ಗಾದರೆ ದೀಪದ ಕಡೆಯ ಅಂಚಿಗೆ ಬೆಳಕು ತಾಗುವುದಿಲ್ಲ, ಎದುರಿನ ಅಂಚಿಗೆ ತಾಗುತ್ತದೆ. ಉಬ್ಬಿಗೆ ಇದರ ತದ್ವಿರುದ್ಧ. ಅವಳ ಫೋಟೊದಲ್ಲಿ ದೀಪದ ಕಡೆಯ ಕೆಳಗಿನ ಅಂಚೇ ಕಪ್ಪು. ಆದ್ದರಿಂದ ಕೊಳ್ಳುವಾಗ ಗುಂಡಿ ತಗ್ಗಾಗಿಯೇ ಇತ್ತು. ತೆರೆಯುವಾಗ ಟಪ್ ಎಂದಿತು ಎಂದು ತಮ್ಮನೂ ಹೇಳಿದ್ದು ಇದಕ್ಕೆ ಹೊಂದಿತು.

ಫ್ಲ್ಯಾಷ್ ಹಾಕಿ ತೆಗೆದಿದ್ದರೆ ಈ ಲೆಕ್ಕವೇ ನಡೆಯುತ್ತಿರಲಿಲ್ಲ. ಫ್ಲ್ಯಾಷ್ ಬೆಳಕು ಕ್ಯಾಮೆರಾ ಪಕ್ಕದಿಂದಲೇ ನೇರ ಬಿದ್ದು ನೆರಳನ್ನು ಅಳಿಸಿಬಿಡುತ್ತದೆ. ಫ್ಲ್ಯಾಷ್ ಬೇಡ, ಬಾಟಲಿಯ ಪಕ್ಕ ಒಂದು ಪೆನ್ನಿನ ಮುಚ್ಚಳ ನೆಟ್ಟಗೆ ನಿಲ್ಲಿಸಿ. ಅದರ ನೆರಳು ದೀಪದ ದಿಕ್ಕು ಹೇಳುತ್ತದೆ.

ಮುಚ್ಚಳದ ಮಟ್ಟಕ್ಕೆ ಬಗ್ಗಿ ಪಕ್ಕದಿಂದಲೂ ಒಂದು ಫೋಟೊ ಬೇಕು. ಮುಚ್ಚಳದ ಒಳಗೆ, ಬಾಟಲಿಯ ಬಾಯಿ ತಾಗುವಲ್ಲಿ, ರಬ್ಬರಿನಂತಹ ಮೆತ್ತನೆಯ ಬಳೆ ಇರುತ್ತದೆ. ಮೇಲಂಚೇ ನಜ್ಜಿದ್ದರೆ ಬಳೆ ಗಾಜಿನಿಂದ ಎದ್ದು ಗಾಳಿಗೆ ದಾರಿಯಾಗಬಹುದು. ಅಂಥದ್ದನ್ನು ಗುಂಡಿ ತಗ್ಗಿದ್ದರೂ ನಾನು ಕೊಳ್ಳುವುದಿಲ್ಲ, ಯಾಕೆಂದರೆ ಗಾಳಿ ನಿಧಾನವಾಗಿ ನುಗ್ಗಿದರೆ ಗುಂಡಿ ಏಳಲು ದಿನಗಳೇ ಹಿಡಿಯಬಹುದು.

ಗುಂಡಿ ಎಲ್ಲಾ ಮುಚ್ಚಳಕ್ಕೂ ಇರುವುದಿಲ್ಲ. ಇದ್ದರೂ ಅದು ಹೇಳುವುದು ಒತ್ತಡದ ಸುದ್ದಿ ಮಾತ್ರ. ಜಾಮ್ ಕೆಟ್ಟಿಲ್ಲ ಎಂಬ ಖಾತ್ರಿ ಅದರಲ್ಲಿಲ್ಲ. ಆ ಹುಡುಗಿಯ ಮನೆಯವರು ಬಾಟಲಿಯ ಮೇಲಿನ ತಾರೀಕು, ಒಳಗಿನ ಬೂಸ್ಟು, ವಾಸನೆ ಎಲ್ಲ ನೋಡಿದ ಮೇಲೆಯೇ ಜಾಮ್ ತಿಂದರು.