ನೆಲದಿಂದ ಕೆಳಕ್ಕೆ ಓದುವ ಚಿತ್ರ: ಅಂತರ್ಜಲ ವರದಿ ಬರೆಯುವವರಿಗೆ ಸೂಚನೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಅಂತರ್ಜಲದ ವರದಿಯನ್ನು ಗ್ರಾಮಸಭೆಯ ಮುಂದಿಡುವ ಎಲ್ಲರಿಗೂ ಈ ಸೂಚನೆ. ನೀವು ಬರೆದ ಪುಟಗಳನ್ನು ಓದುವವರು ಕಡಿಮೆ. ಗ್ರಾಫನ್ನು ಮಾತ್ರ ಎಲ್ಲರೂ ನೋಡುತ್ತಾರೆ, ಅದನ್ನು ನೋಡಿಯೇ ಈ ಬೇಸಿಗೆಗೆ ಹೊಸ ಬೋರು ಕೊರೆಸುವುದೋ ಬೇಡವೋ ಎಂದು ಮನೆಯಲ್ಲಿ ಮಾತಾಡುತ್ತಾರೆ. ಹಾಗಾಗಿ ಗ್ರಾಫಿಗೂ ಅದರ ಕೆಳಗೆ ಬರೆಯುವ ನಾಲ್ಕು ಸಾಲಿನ ವಿವರಣೆಗೂ ಹೊಣೆ ಹೆಚ್ಚು.

ಮಾಡಬೇಕಾದ್ದು: ಸೊನ್ನೆಯನ್ನು ಮೇಲಿಡಿ. ನೀರಿನ ಮಟ್ಟವನ್ನು ಅಳೆಯುವುದು ನೆಲದಿಂದ ಕೆಳಕ್ಕೆ, ಮೀಟರಿನಲ್ಲಿ. ಅಂಕಿ ದೊಡ್ಡದಾದಷ್ಟೂ ನೀರು ದೂರ. ಆದರೆ ಕಂಪ್ಯೂಟರು ತನ್ನಷ್ಟಕ್ಕೆ ಬರೆಯುವ ಗ್ರಾಫಿನಲ್ಲಿ ಸೊನ್ನೆ ಕೆಳಗಿರುತ್ತದೆ, ದೊಡ್ಡ ಅಂಕಿ ಮೇಲಿರುತ್ತದೆ. ನೀರು 11 ಮೀಟರಿನಿಂದ 22 ಮೀಟರಿಗೆ ಕುಸಿದಾಗ ಗೆರೆ ಏರುತ್ತಾ ಹೋಗುತ್ತದೆ. ಹಾಗೆ ಏರಿದ ಗೆರೆಯನ್ನು ನೋಡಿ ‘ಪರವಾಗಿಲ್ಲ, ನೀರು ಮೇಲಕ್ಕೆ ಬಂದಿದೆ’ ಎಂದು ಸಭೆಯೊಂದರಲ್ಲಿ ಹಿರಿಯರು ಸಮಾಧಾನ ಪಟ್ಟಿದ್ದನ್ನು ನಾನು ಕಂಡಿದ್ದೇನೆ. ಅವರು ಓದಿದ್ದರಲ್ಲಿ ತಪ್ಪಿರಲಿಲ್ಲ, ಬರೆದದ್ದರಲ್ಲಿ ಇತ್ತು. ಎಕ್ಸೆಲ್‌ನಲ್ಲಿ ಲಂಬ ಅಕ್ಷದ ಮೇಲೆ ಒತ್ತಿ, Format Axis ಒಳಗೆ Values in reverse order ಆರಿಸಿ. ಸೊನ್ನೆ ಮೇಲಕ್ಕೆ ಹೋಗುತ್ತದೆ, ಅಡ್ಡ ಅಕ್ಷವೂ ಅದರ ಜೊತೆ ಮೇಲೆ ಬಂದು ಕೂರುತ್ತದೆ. ಅದು ಇರಬೇಕಾದ ಜಾಗವೇ ಅದು, ಆ ಗೆರೆಯೇ ನೆಲ. ಅದರ ಮೇಲೆ ‘ನೆಲ’ ಎಂದೇ ಬರೆಯಿರಿ. ಈ ನಾಲ್ಕೂ ತಾಲ್ಲೂಕಿನವರಿಗೆ ಸೊನ್ನೆ ಮೀಟರ್ ಎಂದರೇನು ಎಂದು ತಿಳಿಸಲು ಉದ್ದ ವಿವರಣೆ ಬೇಡ. ಹಳ್ಳದ ಮರಳಿನಲ್ಲಿ ತಲಪರಿಗೆ ಉಕ್ಕುತ್ತಿದ್ದ ಕಾಲವನ್ನು ನೆನಪಿಸಿದರೆ ಸಾಕು. ಸೊನ್ನೆ ಎಂದರೆ ನೀರು ನೆಲದ ಮಟ್ಟಕ್ಕೇ ಬಂದು ನಿಲ್ಲುವುದು.

ಅಕ್ಷದ ಪಕ್ಕ ಬರಿಯ ‘ನೀರಿನ ಮಟ್ಟ’ ಎಂದು ಬರೆಯಕೂಡದು. ‘ನೆಲದಿಂದ ನೀರಿಗೆ ಇರುವ ಆಳ, ಮೀಟರಿನಲ್ಲಿ’ ಎಂದು ಪೂರ್ತಿ ಬರೆಯಿರಿ. ರೈತರು ಲೆಕ್ಕ ಹಾಕುವುದು ಅಡಿಯಲ್ಲಿ. ಆದ್ದರಿಂದ ವಿವರಣೆಯಲ್ಲಿ ಒಮ್ಮೆಯಾದರೂ 20 ಮೀಟರ್ ಎಂದರೆ ಸುಮಾರು 66 ಅಡಿ ಎಂದು ಹೇಳಿ. ಜೊತೆಗೆ ಇದು ಬೋರು ಕೊರೆದ ಆಳವಲ್ಲ, ಅದರೊಳಗೆ ನೀರು ನಿಂತಿರುವ ಜಾಗ ಎಂಬುದನ್ನೂ ಹೇಳಿ. ಇವೆರಡನ್ನು ಬೆರೆಸಿಕೊಳ್ಳುವವರು ತುಂಬಾ ಜನ.

ಮಾಡಬಾರದ್ದು: ಬತ್ತಿದ ಬಾವಿಯನ್ನು ಸೊನ್ನೆ ಮಾಡಬೇಡಿ. ವೀಕ್ಷಣಾ ಬಾವಿಯಲ್ಲಿ ನೀರೇ ಸಿಗದ ತಿಂಗಳು ಪಟ್ಟಿಯ ಮನೆ ಖಾಲಿ ಉಳಿಯುತ್ತದೆ. ಅಲ್ಲಿ 0 ತುಂಬಿದರೆ ಗ್ರಾಫಿನಲ್ಲಿ ನೀರು ನೆಲಕ್ಕೇ ಜಿಗಿದಂತೆ ಕಾಣುತ್ತದೆ. ಅತಿ ಕೆಟ್ಟ ತಿಂಗಳು ಅತಿ ಒಳ್ಳೆಯ ತಿಂಗಳಾಗಿಬಿಡುತ್ತದೆ. ಮನೆ ಖಾಲಿಯೇ ಇರಲಿ. Select Data ಒಳಗಿನ Hidden and Empty Cells ತೆರೆದು Gaps ಎಂಬುದನ್ನು ಆರಿಸಿ. ಗೆರೆ ಅಲ್ಲಿ ತುಂಡಾಗಬೇಕು. ತುಂಡಾದ ಜಾಗದಲ್ಲಿ ‘ಬಾವಿ ಬತ್ತಿತ್ತು’ ಎಂದು ಬರೆಯಿರಿ. ಅಳೆಯಲು ಯಾರೂ ಹೋಗದೆ ಖಾಲಿಯಾಗಿದ್ದರೆ ಅದನ್ನೂ ಬೇರೆಯಾಗಿ ಬರೆಯಿರಿ. ಎರಡೂ ಒಂದೇ ಅಲ್ಲ.

ಇದಕ್ಕಿಂತ ಕಣ್ಣಿಗೆ ಬೀಳದ ತಪ್ಪು ಸರಾಸರಿಯಲ್ಲಿದೆ. ಇದನ್ನು ಒಮ್ಮೆ ಕೈಯಲ್ಲಿ ಲೆಕ್ಕ ಹಾಕಿ ನೋಡಿ. ಕೆಳಗಿನ ಅಂಕಿಗಳು ಯಾವ ಊರಿನವೂ ಅಲ್ಲ, ತಿಳಿಯಲೆಂದು ಇಟ್ಟುಕೊಂಡವು. ನಾಲ್ಕು ಬಾವಿಗಳಲ್ಲಿ ಕಳೆದ ಮೇ ತಿಂಗಳು ನೀರು 12, 18, 25, 41 ಮೀಟರಿನಲ್ಲಿತ್ತು. ಸರಾಸರಿ 24. ಈ ಮೇ ತಿಂಗಳಿಗೆ ಮೊದಲ ಮೂರರಲ್ಲೂ ನೀರು ಎರಡೆರಡು ಮೀಟರ್ ಇಳಿದು 14, 20, 27 ಆಯಿತು. ನಾಲ್ಕನೆಯದು ಬತ್ತಿತು. ಬತ್ತಿದ್ದಕ್ಕೆ ಅಂಕಿಯಿಲ್ಲ. ಉಳಿದ ಮೂರರ ಸರಾಸರಿ 20.3. ಮೂರು ಬಾವಿ ಇಳಿದು, ಒಂದು ಬತ್ತಿಹೋದರೂ ತಾಲ್ಲೂಕಿನ ಗೆರೆ ಮೂರೂವರೆ ಮೀಟರಿಗೂ ಹೆಚ್ಚು ಮೇಲೆದ್ದಿತು! ಕೂಡಿದ್ದರಲ್ಲಿ, ಭಾಗಿಸಿದ್ದರಲ್ಲಿ ಎಲ್ಲೂ ತಪ್ಪಿಲ್ಲ. ಆದರೂ ಚಿತ್ರ ಹೇಳುವುದು ಸುಳ್ಳು.

ಆದ್ದರಿಂದ ಸರಾಸರಿಯ ಗ್ರಾಫ್ ಕೊಡುವುದಾದರೆ ಎರಡೂ ವರ್ಷ ಅಂಕಿ ಸಿಕ್ಕ ಬಾವಿಗಳನ್ನು ಮಾತ್ರ ಸೇರಿಸಿ. ಮೇಲಿನ ಲೆಕ್ಕದಲ್ಲಿ ಮೊದಲ ಮೂರನ್ನೇ ಹೋಲಿಸಿದರೆ 18.3 ಇದ್ದದ್ದು 20.3 ಆಗಿದೆ, ಎರಡು ಮೀಟರಿನ ಕುಸಿತ ನೇರವಾಗಿ ಕಾಣುತ್ತದೆ. ಪ್ರತಿ ವರ್ಷದ ಬಿಂದುವಿನ ಪಕ್ಕ ಎಷ್ಟು ಬಾವಿ, ಎಷ್ಟು ಬತ್ತಿವೆ ಎಂದು ಬರೆಯದೆ ವರದಿಯನ್ನು ಸಹಿಗೆ ಕಳಿಸಬಾರದು. ನನ್ನನ್ನು ಕೇಳಿದರೆ, ಬಾವಿಗೊಂದು ಗೆರೆ ಬರೆಯುವುದೇ ಮೇಲು. ನಮ್ಮದು ಗಟ್ಟಿ ಕಲ್ಲಿನ ನೆಲ. ನೀರು ಬಿರುಕುಗಳಲ್ಲಿರುತ್ತದೆ. ಒಂದು ಹೊಲದ ಬೋರಿನಲ್ಲಿ ನೀರಿದ್ದು ಪಕ್ಕದ ಹೊಲದಲ್ಲಿ ಇಲ್ಲದಿರುವುದು ಇಲ್ಲಿ ಮಾಮೂಲು. ಒಂದು ಸರಾಸರಿ ತಾಲ್ಲೂಕಿಗೆಲ್ಲ ಉತ್ತರ ಕೊಡದು.

ಮಾಡಬಾರದ್ದು: ಮೇ ತಿಂಗಳ ಪಕ್ಕ ನವೆಂಬರ್ ಇಟ್ಟು ‘ಏರಿಕೆ’ ಎನ್ನಬೇಡಿ. ಕೇಂದ್ರ ಅಂತರ್ಜಲ ಮಂಡಳಿ ವರ್ಷಕ್ಕೆ ನಾಲ್ಕು ಬಾರಿ ಮಟ್ಟ ಅಳೆಯುತ್ತದೆ: ಜನವರಿ, ಮಳೆಗಾಲಕ್ಕೆ ಮುಂಚೆ, ಆಗಸ್ಟ್, ನವೆಂಬರ್. ನಮ್ಮ ಕಡೆ ಹೆಚ್ಚು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ನವೆಂಬರಿನಲ್ಲಿ ನೀರು ಮೇಲಿರುವುದು, ಮೇ ತಿಂಗಳಲ್ಲಿ ಕೆಳಗಿರುವುದು ಪ್ರತಿ ವರ್ಷದ ಉಸಿರಾಟ. ಚೆಕ್ ಡ್ಯಾಂ ಕಟ್ಟುವ ಮುಂಚಿನ ಮೇ, ಕಟ್ಟಿದ ಮೇಲಿನ ನವೆಂಬರ್ ಇವೆರಡನ್ನೇ ಅಕ್ಕಪಕ್ಕ ಇಟ್ಟರೆ ಯಾವ ಕಾಮಗಾರಿಯಾದರೂ ಗೆಲ್ಲುತ್ತದೆ. ಮೇ ಜೊತೆ ಮೇ, ನವೆಂಬರ್ ಜೊತೆ ನವೆಂಬರ್ ಹೋಲಿಸಿ. ಎರಡು ವರ್ಷಗಳ ಮಳೆಯನ್ನೂ ಕೆಳಗೆ ಬರೆಯಿರಿ, ಒಳ್ಳೆಯ ಮಳೆಯ ಕೀರ್ತಿ ಸಿಮೆಂಟಿಗೆ ಹೋಗಬಾರದು.

ಅಡ್ಡ ಅಕ್ಷದಲ್ಲಿ ತಿಂಗಳುಗಳ ನಡುವಿನ ಅಂತರವೂ ನಿಜವಿರಲಿ. ಜನವರಿಯಿಂದ ಮೇ ನಾಲ್ಕು ತಿಂಗಳು, ನವೆಂಬರಿನಿಂದ ಜನವರಿ ಎರಡೇ. ಸಮ ದೂರದಲ್ಲಿ ಕೂರಿಸಿದರೆ ಇಳಿತದ ವೇಗ ತಪ್ಪಾಗಿ ಕಾಣುತ್ತದೆ. Axis Type ಕೆಳಗೆ Date axis ಆರಿಸಿದರೆ ಸರಿಹೋಗುತ್ತದೆ.

ಮಾಡಬೇಕಾದ್ದು: ವಿವರಣೆಯನ್ನು ಈ ಕ್ರಮದಲ್ಲಿ ಬರೆಯಿರಿ. ಮೊದಲು ಅಕ್ಷ, ಆಮೇಲೆ ಸ್ಕೇಲು, ಆಮೇಲೆ ಸಂದೇಶ, ಕೊನೆಗೆ ಮಿತಿ. ಮಾದರಿ ಹೀಗಿದೆ, ಅಂಕಿಗಳು ಮೇಲಿನ ಲೆಕ್ಕದವೇ:

‘ಮೇಲಿನ ಗೆರೆ ನೆಲ. ಅಲ್ಲಿಂದ ಕೆಳಕ್ಕೆ ಹೋದಷ್ಟೂ ನೀರು ಆಳದಲ್ಲಿದೆ. ಒಂದು ಚೌಕಕ್ಕೆ 5 ಮೀಟರ್, ಎಂದರೆ ಸುಮಾರು 16 ಅಡಿ. ಕಳೆದ ಮೇ ತಿಂಗಳಿಗಿಂತ ಈ ಮೇ ತಿಂಗಳಲ್ಲಿ ಮೂರು ಬಾವಿಗಳ ನೀರು ತಲಾ 2 ಮೀಟರ್ ಇಳಿದಿದೆ, ನಾಲ್ಕನೆಯದು ಬತ್ತಿದೆ. ಈ ಚಿತ್ರ ನಾಲ್ಕು ಬಾವಿಗಳದ್ದು ಮಾತ್ರ, ಇಡೀ ತಾಲ್ಲೂಕಿನದಲ್ಲ.’

‘ಗ್ರಾಫಿನಿಂದ ಸ್ಪಷ್ಟವಾಗುವಂತೆ’ ಎಂದು ಶುರುಮಾಡಬೇಡಿ. ಸ್ಪಷ್ಟವಾದದ್ದನ್ನೇ ಬರೆಯಿರಿ. ಎರಡು ತಾಲ್ಲೂಕುಗಳ ಗ್ರಾಫ್ ಅಕ್ಕಪಕ್ಕ ಇದ್ದರೆ ಸ್ಕೇಲು ಒಂದೇ ಇರಬೇಕು. ಪಾವಗಡಕ್ಕೆ 0ರಿಂದ 60, ಕೊರಟಗೆರೆಗೆ 0ರಿಂದ 20 ಎಂದಿಟ್ಟರೆ ನೋಡುವವರು ಗೆರೆಯನ್ನು ಹೋಲಿಸುತ್ತಾರೆ, ಅಂಕಿಯನ್ನಲ್ಲ.

ಕಡೆಯದಾಗಿ, ಶೇಕಡ ನೂರು ದಾಟುವ ಸ್ತಂಭ. ಅಂತರ್ಜಲ ಬಳಕೆಯ ಪ್ರಮಾಣವನ್ನು ಶೇಕಡದಲ್ಲಿ ಕೊಡುತ್ತಾರೆ: 70ರವರೆಗೆ ಸುರಕ್ಷಿತ, 70ರಿಂದ 90 ಅರೆ ಗಂಭೀರ, 90ರಿಂದ 100 ಗಂಭೀರ, 100 ದಾಟಿದರೆ ಅತಿಬಳಕೆ. ‘ನೂರಕ್ಕೆ ನೂರಮೂವತ್ತು ಹೇಗೆ ಸಾಧ್ಯ?’ ಎಂದು ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ, ಕೇಳಬೇಕಾದ ಪ್ರಶ್ನೆಯೇ ಅದು. ಇಲ್ಲಿ ನೂರು ಎಂದರೆ ನೆಲದೊಳಗಿರುವ ಎಲ್ಲ ನೀರಲ್ಲ, ಒಂದು ವರ್ಷಕ್ಕೆ ತೆಗೆಯಬಹುದಾದ ನೀರು. ಅದು 100 ಬಿಂದಿಗೆ ಇದ್ದು 130 ತೆಗೆದರೆ, ಮೇಲಿನ 30 ಬಿಂದಿಗೆ ಕಲ್ಲಿನ ಬಿರುಕುಗಳಲ್ಲಿ ಹಿಂದಿನಿಂದ ಕೂಡಿಟ್ಟ ನೀರಿನಿಂದ ಬಂದದ್ದು. ಸ್ತಂಭವನ್ನು 100ಕ್ಕೆ ಕತ್ತರಿಸಬೇಡಿ. 70, 90, 100ರಲ್ಲಿ ಮೂರು ಗೆರೆ ಎಳೆದು, ನೂರರ ಗೆರೆಯಿಂದ ಮೇಲಿನ ಭಾಗಕ್ಕೆ ಬೇರೆ ಬಣ್ಣ ತುಂಬಿ, ಅದರೊಳಗೆ ‘ಹಳೆಯ ನೀರು’ ಎಂದು ಬರೆಯಿರಿ.